ಪರ್ಸೆಂಟೇಜ್‌ಗಳ ಸರಾಸರಿ 79, ಅಂಕ ಕೂಡಿಸಿದರೆ 70: ಯಾವುದು ಸರಿ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎಸ್ಸೆಸ್ಸೆಲ್ಸಿ. ಗಣಿತಕ್ಕೆ ಟ್ಯೂಷನ್‌ಗೆ ಹೋಗುತ್ತಾಳೆ. ಅಲ್ಲಿ ಇದುವರೆಗೆ ನಾಲ್ಕು ಟೆಸ್ಟ್ ಮಾಡಿದ್ದಾರೆ. ಒಂದೊಂದು ಟೆಸ್ಟೂ ಒಂದೊಂದು ಅಳತೆಯದು.

10ಕ್ಕೆ 9 (90%)
20ಕ್ಕೆ 17 (85%)
25ಕ್ಕೆ 20 (80%)
100ಕ್ಕೆ 62 (62%)

ಟ್ಯೂಷನ್‌ನವರು ಕಳಿಸಿದ ಪ್ರೋಗ್ರೆಸ್ ಶೀಟಿನಲ್ಲಿ ಸರಾಸರಿ 79.25% ಎಂದಿದೆ. ನಾನು ಅಂಕಗಳನ್ನೇ ಕೂಡಿಸಿ ನೋಡಿದೆ. 155ಕ್ಕೆ 108 ಬಂತು, ಅಂದರೆ 69.68%. ಸುಮಾರು ಹತ್ತು ಪರ್ಸೆಂಟ್ ವ್ಯತ್ಯಾಸ! ಅವರನ್ನು ಕೇಳಿದರೆ "ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದ್ದೇವೆ ಮೇಡಂ, ಸರಾಸರಿ ಅಂದ್ರೆ ಅದೇ" ಎಂದರು. ಅವರ ಲೆಕ್ಕದಲ್ಲಿ ಕೂಡೋದು ಭಾಗಿಸೋದು ಎಲ್ಲಾ ಸರಿಯಾಗಿಯೇ ಇದೆ. ಹಾಗಿದ್ದರೆ ಎರಡು ಉತ್ತರ ಹೇಗೆ ಬರುತ್ತದೆ? ಯಾವುದನ್ನು ನಂಬಬೇಕು?

ಚೇತನ್ ಮಲ್ನಾಡ್

ಅಕ್ಕ, ಟೆಸ್ಟ್‌ಗಳ ಅಳತೆ ಬೇರೆ ಬೇರೆ ಇರುವುದರಿಂದ ಈ ತೊಂದರೆ. ಅದು ನೇರವಾಗಿ ಕಾಣುತ್ತದೆ. ಪರಿಹಾರ ಸುಲಭ. ಮೊದಲು ಎಲ್ಲಾ ಟೆಸ್ಟನ್ನೂ 100ಕ್ಕೆ ಪರಿವರ್ತಿಸಿಕೊಳ್ಳಿ. 10ಕ್ಕೆ 9 ಇರುವುದು 100ಕ್ಕೆ 90 ಆಗುತ್ತದೆ, 20ಕ್ಕೆ 17 ಇರುವುದು 85 ಆಗುತ್ತದೆ. ಹೀಗೆ ಎಲ್ಲವೂ ಒಂದೇ ಅಳತೆಗೆ ಬಂದ ಮೇಲೆ ಸರಾಸರಿ ತೆಗೆಯಿರಿ. ಆಗ ಯಾವ ಟೆಸ್ಟಿಗೂ ಅನ್ಯಾಯ ಆಗುವುದಿಲ್ಲ.

ಲೆಕ್ಕದ ಮೇಷ್ಟ್ರು

ಚೇತನ್, ಕಾರಣ ಸರಿಯಾಗಿ ಹಿಡಿದಿದ್ದೀರಿ. ಆದರೆ ನೀವು ಹೇಳಿದ ಪರಿಹಾರವನ್ನು ಒಮ್ಮೆ ಮಾಡಿ ನೋಡಿ. 90, 85, 80, 62 ಕೂಡಿಸಿದರೆ 317. ಒಟ್ಟು 400. ಭಾಗಿಸಿದರೆ ಮತ್ತೆ 79.25 ಬರುತ್ತದೆ. ಟ್ಯೂಷನ್‌ನವರು ಮಾಡಿದ್ದೂ ಇದನ್ನೇ. ಪರ್ಸೆಂಟೇಜ್ ಎಂದರೇ 100ಕ್ಕೆ ಪರಿವರ್ತಿಸಿದ ಅಂಕ ಅಲ್ವಾ?

ಆ ಪರಿವರ್ತನೆಯಲ್ಲಿ ಏನಾಗುತ್ತದೆ ನೋಡಿ. ಹುಡುಗಿ ಬರೆದದ್ದು 10 ಅಂಕದ ಪ್ರಶ್ನೆಗಳನ್ನು. 100ಕ್ಕೆ ಹಿಗ್ಗಿಸಿದಾಗ ಅವಳು 100 ಅಂಕದ ಪ್ರಶ್ನೆ ಬರೆದು 90 ತೆಗೆದಳು ಎಂದು ಎಣಿಸಿದ ಹಾಗಾಯಿತು. ಬರೆಯದ 90 ಅಂಕದ ಪ್ರಶ್ನೆಗಳು ಲೆಕ್ಕಕ್ಕೆ ಸೇರಿಕೊಂಡವು. ಅದರಲ್ಲಿ 81 ಅಂಕ ಅವಳ ಖಾತೆಗೂ ಬಂತು.

ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ಲೆಕ್ಕದ ವ್ಯತ್ಯಾಸ ಕಾಣಬೇಕಾದರೆ ಒಂದೇ ಒಂದು ಅಂಕವನ್ನು ಹಿಡಿದುಕೊಳ್ಳಿ. ಮೊದಲ ಟೆಸ್ಟಿನಲ್ಲಿ ಅವಳಿಗೆ 9ರ ಬದಲು 8 ಬಂದಿದ್ದರೆ? ಆ ಟೆಸ್ಟ್ 90ರಿಂದ 80ಕ್ಕೆ ಇಳಿಯುತ್ತದೆ. ಶೀಟಿನ ಸರಾಸರಿ 79.25ರಿಂದ 76.75 ಆಗುತ್ತದೆ. ಒಂದು ಅಂಕಕ್ಕೆ ಎರಡೂವರೆ ಪರ್ಸೆಂಟ್ ಹೋಯಿತು. ಈಗ ಅದೇ ಒಂದು ಅಂಕ ದೊಡ್ಡ ಟೆಸ್ಟಿನಲ್ಲಿ ಹೋಯಿತು ಎಂದುಕೊಳ್ಳಿ, 62ರ ಬದಲು 61. ಸರಾಸರಿ 79 ಆಗುತ್ತದೆ, ಕಾಲು ಪರ್ಸೆಂಟ್ ಇಳಿಯಿತು ಅಷ್ಟೇ. ಅಂದರೆ ಈ ಲೆಕ್ಕದಲ್ಲಿ ಸಣ್ಣ ಟೆಸ್ಟಿನ ಒಂದು ಅಂಕಕ್ಕೆ ದೊಡ್ಡ ಟೆಸ್ಟಿನ ಹತ್ತು ಅಂಕದ ಬೆಲೆ. ಹೀಗೆ ಬೆಲೆ ಕೊಡಿ ಎಂದು ಯಾರೂ ಹೇಳಿಲ್ಲ. ಪರ್ಸೆಂಟೇಜ್‌ಗಳನ್ನು ಕೂಡಿಸಿದ ಕೂಡಲೇ ಅದು ತಾನಾಗಿಯೇ ಬಂದುಬಿಟ್ಟಿತು.

ನೀವು ಮಾಡಿದ ಲೆಕ್ಕದಲ್ಲಿ ಯಾವ ಟೆಸ್ಟಿನಲ್ಲಿ ಹೋದರೂ ಒಂದು ಅಂಕಕ್ಕೆ 155ರಲ್ಲಿ ಒಂದು ಪಾಲು. "ಇದುವರೆಗೆ ಕೇಳಿದ ಪ್ರಶ್ನೆಗಳಲ್ಲಿ ಎಷ್ಟು ಪಾಲು ಸರಿ ಬರೆದಳು" ಎಂಬುದು ನಿಮ್ಮ ಪ್ರಶ್ನೆಯಾದರೆ ಉತ್ತರ 69.68. ಪಡೆದ ಅಂಕಗಳ ಮೊತ್ತ ಮೇಲೆ, ಗರಿಷ್ಠ ಅಂಕಗಳ ಮೊತ್ತ ಕೆಳಗೆ. ಭಾಗಾಕಾರ ಕೊನೆಯಲ್ಲಿ ಒಂದೇ ಸಲ.

ಚೇತನ್ ಮಲ್ನಾಡ್

ಅರ್ಥವಾಯಿತು ಸರ್. ಆದರೂ ಒಂದು ಅನುಮಾನ. ನಮ್ಮ ಪಿಯುಸಿ ಮಾರ್ಕ್ಸ್ ಕಾರ್ಡಿನಲ್ಲಿ ಆರು ವಿಷಯದ ಪರ್ಸೆಂಟೇಜ್ ಕೂಡಿಸಿ ಆರರಿಂದ ಭಾಗಿಸಿದರೂ ಸರಿಯಾದ ಉತ್ತರವೇ ಬರುತ್ತಿತ್ತು. ಅದಕ್ಕೇ ಇದು ತಪ್ಪು ವಿಧಾನ ಅಂತ ಅನ್ನಿಸಲೇ ಇಲ್ಲ.

ಲೆಕ್ಕದ ಮೇಷ್ಟ್ರು

ಅಲ್ಲಿ ಬರುತ್ತದೆ. ಪಿಯುಸಿಯಲ್ಲಿ ಆರೂ ವಿಷಯ ನೂರು ನೂರು, ಒಟ್ಟು 600. ಅಳತೆ ಒಂದೇ ಆದಾಗ ಎರಡು ದಾರಿಯೂ ಒಂದೇ ಕಡೆಗೆ ಹೋಗುತ್ತವೆ. ಈ ಅಭ್ಯಾಸ ಹುಟ್ಟುವುದೇ ಅಲ್ಲಿಂದ ಎಂದು ನನ್ನ ಅನಿಸಿಕೆ. ಎಸ್ಸೆಸ್ಸೆಲ್ಸಿಗೆ ಬನ್ನಿ. ನಮಗೆಲ್ಲಾ ಗೊತ್ತಿರುವ 625ರ ಲೆಕ್ಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಒಬ್ಬ ಹುಡುಗನಿಗೆ ಕನ್ನಡದಲ್ಲಿ 125ಕ್ಕೆ 120, ಉಳಿದದ್ದರಲ್ಲಿ 90, 85, 70, 80, 88 ಬಂತು ಎನ್ನೋಣ. ಒಟ್ಟು 533. 625ರಿಂದ ಭಾಗಿಸಿದರೆ 85.28%. ಈಗ ಪರ್ಸೆಂಟೇಜ್ ದಾರಿ ಹಿಡಿಯಿರಿ. ಕನ್ನಡ 96%, ಉಳಿದದ್ದು ಹಾಗೇ. ಕೂಡಿಸಿದರೆ 509, ಆರರಿಂದ ಭಾಗಿಸಿದರೆ 84.83%.

ವ್ಯತ್ಯಾಸ ಅರ್ಧ ಪರ್ಸೆಂಟೂ ಇಲ್ಲ. ಆದರೆ ಒಂದು 85ರ ಮೇಲಿದೆ, ಇನ್ನೊಂದು ಕೆಳಗಿದೆ. 85ಕ್ಕೆ ಗೆರೆ ಎಳೆದ ಕಡೆ ಇದು ದೊಡ್ಡ ವಿಷಯವೇ.

ಇನ್ನೊಂದನ್ನು ಗಮನಿಸಿ. ಮೇಡಂ ಅವರ ಮಗಳ ವಿಷಯದಲ್ಲಿ ತಪ್ಪು ಲೆಕ್ಕ ಜಾಸ್ತಿ ತೋರಿಸಿತು. ಇಲ್ಲಿ ಕಡಿಮೆ ತೋರಿಸಿತು. ಸಣ್ಣ ಟೆಸ್ಟುಗಳಲ್ಲಿ ಚೆನ್ನಾಗಿ ಮಾಡಿ ದೊಡ್ಡದರಲ್ಲಿ ಕಡಿಮೆ ಬಂದಿದ್ದರೆ ಪರ್ಸೆಂಟೇಜ್ ಸರಾಸರಿ ಉಬ್ಬುತ್ತದೆ. ದೊಡ್ಡದರಲ್ಲೇ ಚೆನ್ನಾಗಿ ಮಾಡಿದ್ದರೆ ಕುಗ್ಗುತ್ತದೆ. ಹಾಗಾಗಿ ಯಾರಾದರೂ ಸರಾಸರಿ ಕೊಟ್ಟಾಗ ದೊಡ್ಡ ಪರೀಕ್ಷೆಯಲ್ಲಿ ಎಷ್ಟು ಬಂದಿದೆ ಎಂದು ನೋಡಿ. ಸರಾಸರಿ ಅದರಿಂದ ತುಂಬಾ ದೂರ ಇದ್ದರೆ ಯಾವ ಲೆಕ್ಕ ಮಾಡಿದ್ದಾರೆ ಎಂದು ಕೇಳಲೇಬೇಕು.

ಜೀಟಾಕ್ಷರ

ನಮ್ಮ ಮಗನಿಗೆ ಜೆಇಇ ಮೇನ್ ಮೊದಲ ಸೆಷನ್‌ನಲ್ಲಿ 92, ಎರಡನೆಯದರಲ್ಲಿ 95. ಎರಡೂ ಸೆಷನ್‌ನಲ್ಲಿ ಬರೆದವರ ಸಂಖ್ಯೆ ಬೇರೆ ಬೇರೆ. ಹಾಗಾದರೆ ಅವನ ನಿಜವಾದ ಸ್ಕೋರ್ ತಿಳಿಯಲು ಬರೆದವರ ಸಂಖ್ಯೆ ಹಾಕಿ ಸರಾಸರಿ ತೆಗೆಯಬೇಕಾ?

ಲೆಕ್ಕದ ಮೇಷ್ಟ್ರು

ಬೇಡ ಸರ್. ಅದು ಪರ್ಸೆಂಟೇಜ್ ಅಲ್ಲ, ಪರ್ಸೆಂಟೈಲ್. 95 ಎಂದರೆ ನೂರಕ್ಕೆ 95 ಅಂಕ ಬಂದಿದೆ ಎಂದಲ್ಲ. ಆ ಸೆಷನ್‌ನಲ್ಲಿ ಅವನ ಶಿಫ್ಟಿನಲ್ಲೇ ಬರೆದವರಲ್ಲಿ ನೂರಕ್ಕೆ 95 ಜನ ಅವನಷ್ಟು ಅಥವಾ ಅವನಿಗಿಂತ ಕಡಿಮೆ ತೆಗೆದಿದ್ದಾರೆ ಎಂದು. ಅದರ ಹಿಂದೆ ಕೂಡಿಸಬಹುದಾದ ಅಂಕವೇ ಇಲ್ಲ. ಎರಡು ಸೆಷನ್ ಬರೆದವರಿಗೆ ಸರಾಸರಿ ತೆಗೆಯುವುದೂ ಇಲ್ಲ. ಎರಡರಲ್ಲಿ ಹೆಚ್ಚಿನದನ್ನೇ ರ‍್ಯಾಂಕಿಗೆ ತೆಗೆದುಕೊಳ್ಳುತ್ತಾರೆ.

ಶೀಟ್ ಶಿವು

ಇದನ್ನು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಮಾಡುವವರಿಗೆ ಬರೆಯುತ್ತಿದ್ದೇನೆ. B ಕಾಲಂನಲ್ಲಿ ಪಡೆದ ಅಂಕ, C ಕಾಲಂನಲ್ಲಿ ಗರಿಷ್ಠ ಅಂಕ, D ಕಾಲಂನಲ್ಲಿ ಪರ್ಸೆಂಟೇಜ್ ಇದೆ ಎಂದುಕೊಳ್ಳಿ, % ಚಿಹ್ನೆ ಇಲ್ಲದೆ ಬರೀ 90, 85 ಎಂದು. ಮೇಡಂ ಅವರ ನಾಲ್ಕು ಟೆಸ್ಟ್ 2ನೇ ಸಾಲಿನಿಂದ 5ನೇ ಸಾಲಿನವರೆಗೆ.

```
=AVERAGE(D2:D5)
=SUM(B2:B5)/SUM(C2:C5)*100
=SUMPRODUCT(C2:C5,D2:D5)/SUM(C2:C5)
```

ಮೊದಲನೆಯದು ಟ್ಯೂಷನ್ ಶೀಟಿನಲ್ಲಿ ಇರುವುದು, 79.25. ಎರಡನೆಯದು 69.68 ಕೊಡುತ್ತದೆ. ಮೂರನೆಯದೂ 69.68. ಕೆಲವೊಮ್ಮೆ ಅಂಕ ಕೈಗೆ ಸಿಗುವುದಿಲ್ಲ, ಪರ್ಸೆಂಟೇಜ್ ಮತ್ತು ಗರಿಷ್ಠ ಅಂಕ ಮಾತ್ರ ಸಿಗುತ್ತದೆ. ಅಂಥ ಕಡೆ ಮೂರನೆಯದು ಬೇಕು. ಅದು ಪ್ರತಿ ಪರ್ಸೆಂಟೇಜನ್ನು ಅದರ ಗರಿಷ್ಠ ಅಂಕದಿಂದ ಗುಣಿಸಿ, ಕೂಡಿಸಿ, ಒಟ್ಟು ಗರಿಷ್ಠ ಅಂಕದಿಂದ ಭಾಗಿಸುತ್ತದೆ. ಗುಣಿಸಿದಾಗ ಹಳೆಯ ಅಂಕವೇ ವಾಪಸ್ ಬರುತ್ತದೆ, ಆದ್ದರಿಂದ ಉತ್ತರವೂ ಅದೇ.

ಎರಡನೇ ಸೂತ್ರದಲ್ಲಿ ಒಂದು ಕಡೆ ಹುಷಾರಾಗಿರಬೇಕು. ಮಗು ಒಂದು ಟೆಸ್ಟಿಗೆ ಬರಲಿಲ್ಲ ಎನ್ನಿ. B ಕಾಲಂನಲ್ಲಿ ಆ ಜಾಗ ಖಾಲಿ ಬಿಟ್ಟು C ಕಾಲಂನಲ್ಲಿ 25 ಹಾಗೇ ಇಟ್ಟರೆ, ಶೀಟ್ ಆ 25ನ್ನು ಕೆಳಗೆ ಕೂಡಿಸುತ್ತದೆ, ಮೇಲೆ ಏನೂ ಇರುವುದಿಲ್ಲ. ಮಗುವಿಗೆ ಸೊನ್ನೆ ಬಂದಂತೆ ಲೆಕ್ಕವಾಗುತ್ತದೆ. ಎರರ್ ಕೂಡ ತೋರಿಸುವುದಿಲ್ಲ. ಗೈರುಹಾಜರಿಯನ್ನು ಸೊನ್ನೆ ಎಂದು ಎಣಿಸುವುದು ನಿಮ್ಮ ಉದ್ದೇಶ ಅಲ್ಲದಿದ್ದರೆ ಆ ಸಾಲಿನ ಗರಿಷ್ಠ ಅಂಕವನ್ನೂ ತೆಗೆಯಿರಿ.

ತುಮಕೂರಿನ ಅಮ್ಮ

ಇದು ಉಪಯೋಗಕ್ಕೆ ಬಂತು ಶಿವು ಅವರೇ. ಇನ್ನೊಂದು ಕೇಳುತ್ತೇನೆ. ವಿಜ್ಞಾನದ ಟ್ಯೂಷನ್ ಬೇರೆ ಕಡೆ. ಅವರು ಪರ್ಸೆಂಟೇಜ್ ಮಾತ್ರ ಮೆಸೇಜ್ ಮಾಡುತ್ತಾರೆ. ಎಷ್ಟು ಅಂಕದ ಟೆಸ್ಟ್ ಎಂದು ಮಗಳಿಗೂ ನೆನಪಿಲ್ಲ. 88, 74, 91 ಅಂತ ಮೂರು ಬಂದಿವೆ. ಇದರಿಂದ ಸರಿಯಾದ ಒಟ್ಟು ತೆಗೆಯಬಹುದಾ?

ಲೆಕ್ಕದ ಮೇಷ್ಟ್ರು

ಆಗುವುದಿಲ್ಲ ಮೇಡಂ. ಒಟ್ಟು 74ಕ್ಕೂ 91ಕ್ಕೂ ನಡುವೆ ಎಲ್ಲೋ ಇದೆ ಎಂದು ಹೇಳಬಹುದು, ಅಷ್ಟೇ. 74 ಬಂದ ಟೆಸ್ಟ್ ತುಂಬಾ ದೊಡ್ಡದಾಗಿದ್ದರೆ ಒಟ್ಟು 74ರ ಹತ್ತಿರ, ಅದೇ ಸಣ್ಣದಾಗಿದ್ದರೆ 90ರ ಹತ್ತಿರ. ಗರಿಷ್ಠ ಅಂಕ ಎಷ್ಟು ಎಂದು ಅವರಿಂದಲೇ ಕೇಳಿ ತಿಳಿದುಕೊಳ್ಳಬೇಕು. ಬೇರೆ ದಾರಿ ಇಲ್ಲ.

ಹೆಡ್ ಮೇಡಂ

ನಾನು ಒಂದು ಹೈಸ್ಕೂಲಿನ ಮುಖ್ಯ ಶಿಕ್ಷಕಿ. ನನ್ನ ಪ್ರಶ್ನೆ ಅಂಕದ್ದಲ್ಲ, ಪಾಸಾದವರದ್ದು. ಆದರೆ ಇದೇ ಜಾತಿಯದು ಅನ್ನಿಸಿತು. ಸುಲಭವಾಗಲಿ ಎಂದು ಸಂಖ್ಯೆಗಳನ್ನು ದುಂಡಗೆ ಮಾಡಿ ಬರೆಯುತ್ತೇನೆ.

ಹೋದ ವರ್ಷ ಎ ಸೆಕ್ಷನ್‌ನಲ್ಲಿ 40 ಮಕ್ಕಳು, 36 ಪಾಸ್. 90%. ಬಿ ಸೆಕ್ಷನ್‌ನಲ್ಲಿ 20 ಮಕ್ಕಳು, 12 ಪಾಸ್. 60%.

ಈ ವರ್ಷ ಎ ಸೆಕ್ಷನ್‌ನಲ್ಲಿ 20 ಮಕ್ಕಳು, 19 ಪಾಸ್. 95%. ಬಿ ಸೆಕ್ಷನ್‌ನಲ್ಲಿ 40 ಮಕ್ಕಳು, 26 ಪಾಸ್. 65%.

ಎರಡೂ ಸೆಕ್ಷನ್ ಐದೈದು ಪರ್ಸೆಂಟ್ ಮೇಲೆ ಹೋಗಿವೆ. ಬಿ ಸೆಕ್ಷನ್ ಮೇಷ್ಟ್ರು ಸಂಜೆ ಆರರವರೆಗೆ ಕೂತು ಪಾಠ ಮಾಡಿದ್ದಾರೆ. ನಮ್ಮ ಗುಮಾಸ್ತರು ಎರಡು ಪರ್ಸೆಂಟೇಜ್ ಕೂಡಿಸಿ ಎರಡರಿಂದ ಭಾಗಿಸಿ "ಶಾಲೆಯ ಫಲಿತಾಂಶ 75ರಿಂದ 80ಕ್ಕೆ ಏರಿದೆ" ಎಂದು ಬೋರ್ಡಿನ ಮೇಲೆ ಬರೆದರು. ಮಕ್ಕಳ ತಲೆ ಎಣಿಸಿದರೆ ಹೋದ ವರ್ಷ 60ಕ್ಕೆ 48, ಈ ವರ್ಷ 60ಕ್ಕೆ 45. ಅಂದರೆ 80ರಿಂದ 75ಕ್ಕೆ ಇಳಿದಿದೆ! ಒಂದು ಲೆಕ್ಕದಲ್ಲಿ ಏರಿಕೆ, ಇನ್ನೊಂದರಲ್ಲಿ ಇಳಿಕೆ. ಎಸ್‌ಡಿಎಂಸಿ ಸಭೆಯಲ್ಲಿ ಯಾವುದನ್ನು ಹೇಳಲಿ?

ಲೆಕ್ಕದ ಮೇಷ್ಟ್ರು

ಮೇಡಂ, ಬಹಳ ಒಳ್ಳೆಯ ಪ್ರಶ್ನೆ ತಂದಿದ್ದೀರಿ. ಶಾಲೆಯ ಫಲಿತಾಂಶ ಎಂದು ಒಂದೇ ಅಂಕಿ ಹೇಳಬೇಕಾದರೆ ಅದು 75%. ಅದರಲ್ಲಿ ಎರಡು ಮಾತಿಲ್ಲ. 60 ಮಕ್ಕಳಲ್ಲಿ 45 ಮಕ್ಕಳು ಪಾಸಾಗಿದ್ದಾರೆ, 15 ಮಕ್ಕಳು ಆಗಿಲ್ಲ. 80% ಎಂದು ಬರೆದರೆ 12 ಮಕ್ಕಳು ಮಾತ್ರ ಫೇಲ್ ಎಂದಾಯಿತು. ಉಳಿದ ಮೂವರು ಮಕ್ಕಳು ಲೆಕ್ಕದಿಂದಲೇ ಬಿಟ್ಟುಹೋದರು.

ಆದರೆ 75ನ್ನು ಮಾತ್ರ ಹೇಳಿ ಸುಮ್ಮನಾದರೂ ಮೋಸವೇ. ಎರಡೂ ಸೆಕ್ಷನ್ ಸುಧಾರಿಸಿರುವಾಗ ಒಟ್ಟು ಯಾಕೆ ಇಳಿಯಿತು? ಕಡಿಮೆ ಫಲಿತಾಂಶದ ಬಿ ಸೆಕ್ಷನ್‌ನಲ್ಲಿ ಹೋದ ವರ್ಷ ಮೂರನೇ ಒಂದು ಭಾಗ ಮಕ್ಕಳಿದ್ದರು. ಈ ವರ್ಷ ಮೂರನೇ ಎರಡು ಭಾಗ ಅಲ್ಲೇ ಇದ್ದಾರೆ. ಒಟ್ಟು ಲೆಕ್ಕದಲ್ಲಿ ಅವರ ತೂಕ ಹೆಚ್ಚಾಯಿತು, ಅದಕ್ಕೇ ಒಟ್ಟು ಕೆಳಗೆ ಬಂತು. ಪಾಠ ಕೆಟ್ಟದಾಗಿ ಇಳಿದದ್ದಲ್ಲ.

ಬೇಕಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಈ ವರ್ಷವೂ ಎ ಸೆಕ್ಷನ್‌ನಲ್ಲಿ 40, ಬಿ ಸೆಕ್ಷನ್‌ನಲ್ಲಿ 20 ಮಕ್ಕಳೇ ಇದ್ದು, ಪಾಸಾಗುವ ಪ್ರಮಾಣ ಈಗಿನಂತೆ 95 ಮತ್ತು 65 ಇದ್ದಿದ್ದರೆ? 38 ಮತ್ತು 13, ಒಟ್ಟು 51. ಅಂದರೆ 85%. ಹೋದ ವರ್ಷದ 80ಕ್ಕಿಂತ ಐದು ಜಾಸ್ತಿ. ಸಭೆಯಲ್ಲಿ ಮೂರು ಮಾತನ್ನೂ ಇಡಿ: ಒಟ್ಟು 75, ಸೆಕ್ಷನ್‌ವಾರು ಏರಿಕೆ, ಮಕ್ಕಳ ಹಂಚಿಕೆ ಬದಲಾದದ್ದು. ಪ್ರತಿ ಪರ್ಸೆಂಟೇಜ್ ಪಕ್ಕದಲ್ಲಿ ಮಕ್ಕಳ ಸಂಖ್ಯೆ ಬರೆಯಲು ಮರೆಯಬೇಡಿ.

ಹೆಡ್ ಮೇಡಂ

ಮೂರು ಮಾತು ಕೇಳುವ ತಾಳ್ಮೆ ಸಭೆಯಲ್ಲಿ ಇರುವುದಿಲ್ಲ ಸರ್. ಒಂದೇ ಅಂಕಿ ಕೇಳುತ್ತಾರೆ. 75 ಎಂದ ಕೂಡಲೇ ಬಿ ಸೆಕ್ಷನ್ ಮೇಷ್ಟ್ರ ಕಡೆ ತಿರುಗಿ ನೋಡುತ್ತಾರೆ. ಅವರು ಪಟ್ಟ ಶ್ರಮಕ್ಕೆ ಇದು ನ್ಯಾಯವಲ್ಲ. ಆದರೂ ಬೋರ್ಡಿನ ಮೇಲಿದ್ದ 80ನ್ನು ಅಳಿಸಿ ಎಂದು ಗುಮಾಸ್ತರಿಗೆ ಹೇಳಿದ್ದೇನೆ. ಆ ಅಂಕಿ ಉಳಿಸಿಕೊಳ್ಳುವುದಂತೂ ಆಗದು.

ಗೀತಾ ಎಸ್

ಮೇಷ್ಟ್ರೇ, ಇದನ್ನೆಲ್ಲಾ ಓದಿ ನನಗೆ ಗಾಬರಿಯಾಯಿತು. ಮಗನಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 300ಕ್ಕೆ 270. ಸಿಇಟಿಯಲ್ಲಿ 180ಕ್ಕೆ 99. ನಾವು 90% ಮತ್ತು 55% ಕೂಡಿಸಿ ಅರ್ಧ ಮಾಡಿ 72.5 ಅಂದುಕೊಂಡಿದ್ದೆವು. ನಿಮ್ಮ ವಿಧಾನದಲ್ಲಿ 480ಕ್ಕೆ 369, ಅಂದರೆ 76.88 ಬರುತ್ತದೆ. ರ‍್ಯಾಂಕಿಗೆ ಇದನ್ನೇ ಹಿಡಿಯಬೇಕಲ್ವಾ?

ಲೆಕ್ಕದ ಮೇಷ್ಟ್ರು

ಇಲ್ಲಮ್ಮ, ಇಲ್ಲಿ ನಿಮ್ಮ 72.5ರ ದಾರಿಯೇ ಸರಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಆ ಮೂರು ವಿಷಯದಿಂದ ಅರ್ಧ, ಸಿಇಟಿಯಿಂದ ಅರ್ಧ ಎಂದು ನಿಯಮವೇ ಇದೆ. 300 ಅಂಕದ ಪರೀಕ್ಷೆಗೂ 180 ಅಂಕದ ಪರೀಕ್ಷೆಗೂ ಸಮ ತೂಕ ಇರಲಿ ಎಂದು ಬೇಕೆಂದೇ ಮಾಡಿದ್ದು. ಅಂಕ ಕೂಡಿಸಿದರೆ ಪಿಯುಸಿಯ ತೂಕ ಹೆಚ್ಚಾಗಿ ನಿಯಮ ಮುರಿಯುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಮೊದಲು ಹೇಳಿದ್ದಕ್ಕೆ ವಿರುದ್ಧ ಅನ್ನಿಸುತ್ತದೆ. ಯಾವ ಸರಾಸರಿಯಲ್ಲೂ ಪ್ರತಿ ಟೆಸ್ಟಿಗೆ ಒಂದು ತೂಕ ಇದ್ದೇ ಇರುತ್ತದೆ. ಆ ತೂಕವನ್ನು ನಿಯಮ ಹೇಳಿದ್ದರೆ ಅದನ್ನೇ ಹಾಕಿ, ಅದು 50ಕ್ಕೆ 50 ಇರಲಿ, 20ಕ್ಕೆ 80 ಇರಲಿ. ನಿಯಮ ಇಲ್ಲ, ಒಟ್ಟಾರೆ ಎಷ್ಟು ಪಾಲು ಅಂಕ ಬಂತು ಎಂದು ಮಾತ್ರ ಬೇಕು ಅನ್ನುವುದಾದರೆ ಟೆಸ್ಟಿನ ಗರಿಷ್ಠ ಅಂಕವೇ ತೂಕ. ಟ್ಯೂಷನ್ ಶೀಟಿನ ತೊಂದರೆ ಏನೆಂದರೆ, 10 ಅಂಕದ ಟೆಸ್ಟಿಗೂ 100 ಅಂಕದ ಟೆಸ್ಟಿಗೂ ಸಮ ತೂಕ ಎಂದು ಯಾರೂ ತೀರ್ಮಾನ ಮಾಡಿಲ್ಲ. ಮಾಡಿದ್ದೇವೆ ಎಂದು ಅವರಿಗೆ ಗೊತ್ತೂ ಇಲ್ಲ.

ವಿಟಿಯು ವಿನಯ

ಹಾಗಾದರೆ ನಮ್ಮ ಸೆಮಿಸ್ಟರ್ ಎಸ್‌ಜಿಪಿಎಗಳನ್ನು ಕೂಡಿಸಿ ಭಾಗಿಸುವುದೂ ಇದೇ ತಪ್ಪು ಅಲ್ವಾ ಸರ್? ಹಾಸ್ಟೆಲ್‌ನಲ್ಲಿ ಎಲ್ಲರೂ ಸಿಜಿಪಿಎ ಹಾಗೇ ಲೆಕ್ಕ ಹಾಕುತ್ತಾರೆ.

ಶೀಟ್ ಶಿವು

ಹೌದು ವಿನಯ, ಅಲ್ಲಿ ಕ್ರೆಡಿಟ್ ತೂಕ. ಒಂದು ಸೆಮಿಸ್ಟರ್ 16 ಕ್ರೆಡಿಟ್‌ಗೆ 9.0, ಇನ್ನೊಂದು 24 ಕ್ರೆಡಿಟ್‌ಗೆ 7.0 ಇದ್ದರೆ ಸುಮ್ನೆ ಕೂಡಿಸಿ ಅರ್ಧ ಮಾಡಿದರೆ 8.0. ಕ್ರೆಡಿಟ್ ಹಾಕಿದರೆ 144 ಮತ್ತು 168, ಒಟ್ಟು 312, ಭಾಗಿಸು 40. 7.8. ಎಲ್ಲಾ ಸೆಮಿಸ್ಟರ್‌ಗೂ ಕ್ರೆಡಿಟ್ ಹೆಚ್ಚು ಕಡಿಮೆ ಒಂದೇ ಇದ್ದರೆ ವ್ಯತ್ಯಾಸ ಕಾಣುವುದೇ ಇಲ್ಲ, ಅದಕ್ಕೇ ಹಾಸ್ಟೆಲ್ ಲೆಕ್ಕ ನಡೆಯುತ್ತಿದೆ.

ಚೇತನ್ ಮಲ್ನಾಡ್

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ಮೊದಲ ಪ್ರಶ್ನೆಯ ಬಗ್ಗೆ ಇನ್ನೊಂದು ಮಾತು. ಆ 100 ಅಂಕದ ಟೆಸ್ಟ್ ಒಂದೇ ದಿನದ್ದು. ಆ ದಿನ ಹುಡುಗಿಗೆ ಜ್ವರ ಇದ್ದಿರಬಹುದು. 155ರಲ್ಲಿ 100 ಅಂಕ ಆ ಒಂದು ದಿನದ್ದೇ ಆದಾಗ ಸುಮಾರು ಮೂರನೇ ಎರಡು ಭಾಗ ತೂಕ ಒಂದೇ ದಿನಕ್ಕೆ ಹೋಯಿತು. ಸಣ್ಣ ಟೆಸ್ಟುಗಳು ಮೂರು ಬೇರೆ ಬೇರೆ ದಿನ, ಮೂರು ಬೇರೆ ಬೇರೆ ಪಾಠದ ಮೇಲೆ ಆದವು. ಅವಳಿಗೆ ಎಷ್ಟು ಬರುತ್ತದೆ ಎಂದು ತಿಳಿಯಲು ದಿನಕ್ಕೊಂದು ತೂಕ ಕೊಡುವುದರಲ್ಲಿ ತಪ್ಪೇನು?

ಲೆಕ್ಕದ ಮೇಷ್ಟ್ರು

ಅದು ತೂಗಿ ನೋಡಬೇಕಾದ ವಾದವೇ. ಆದರೆ ಇನ್ನೊಂದು ಕಡೆಯೂ ಇದೆ. 10 ಅಂಕದ ಟೆಸ್ಟಿನಲ್ಲಿ ನಾಲ್ಕೈದು ಪ್ರಶ್ನೆ ಇರಬಹುದು. ಒಂದು ಪ್ರಶ್ನೆ ಗೊತ್ತಿದ್ದದ್ದೇ ಬಂದರೆ 90, ಬರದಿದ್ದರೆ 70. ಅಷ್ಟು ಅಲುಗಾಡುವ ಅಂಕಿಗೆ ನಾಲ್ಕನೇ ಒಂದು ಭಾಗ ತೂಕ ಕೊಡಲು ನನಗೆ ಧೈರ್ಯ ಬರುವುದಿಲ್ಲ. ದೊಡ್ಡ ಟೆಸ್ಟ್ ಪೂರ್ತಿ ಸಿಲಬಸ್ ಮೇಲೆ ಆಗಿದ್ದರೆ ವಾರ್ಷಿಕ ಪರೀಕ್ಷೆಗೆ ಹತ್ತಿರದ್ದು ಅದೇ. ಮೇಡಂ, ಆ 62 ಪೂರ್ತಿ ಸಿಲಬಸ್‌ದಾ, ಅಥವಾ ಅರ್ಧ ವರ್ಷದ್ದಾ?

ತುಮಕೂರಿನ ಅಮ್ಮ

ಅರ್ಧ ವರ್ಷದ್ದು ಸರ್. ಆಗ ಆಗಿದ್ದ ಪಾಠಗಳೆಲ್ಲಾ ಇದ್ದವು, ಜೊತೆಗೆ ಸಣ್ಣ ಟೆಸ್ಟ್‌ನಲ್ಲಿ ಬರದ ತ್ರಿಭುಜಗಳು, ವೃತ್ತಗಳು ಎರಡೂ ಇದ್ದವು. ಜ್ವರ ಏನೂ ಇರಲಿಲ್ಲ. ಉತ್ತರ ಪತ್ರಿಕೆ ತೆಗೆದು ನೋಡಿದೆ. ಹೋದ 38 ಅಂಕದಲ್ಲಿ 24 ಆ ಎರಡು ಪಾಠದವೇ, ಪ್ರಮೇಯ ಬರೆಯಬೇಕಾದ ಕಡೆ ಪುಟವೇ ಖಾಲಿ.

ಲೆಕ್ಕದ ಮೇಷ್ಟ್ರು

ಹಾಗಿದ್ದರೆ 79 ಮತ್ತು 70 ಎರಡನ್ನೂ ಸದ್ಯಕ್ಕೆ ಬದಿಗಿಡಿ. ಆ ಪತ್ರಿಕೆಯ ಅಂಕಗಳನ್ನು ಪಾಠವಾರು ಬೇರೆ ಮಾಡಿ, ಪ್ರತಿ ಪಾಠಕ್ಕೂ ಪಡೆದದ್ದು ಎಷ್ಟು, ಒಟ್ಟು ಎಷ್ಟು ಎಂದು ಎರಡು ಕಾಲಂ ಬರೆದುಕೊಳ್ಳಿ. ಪರ್ಸೆಂಟೇಜ್ ಬೇಡ, ಅಂಕ ಮಾತ್ರ. ಮುಂದಿನ ಟೆಸ್ಟ್ ಬಂದಾಗ ಅದೇ ಪಾಠದ ಸಾಲಿಗೆ ಕೂಡಿಸುತ್ತಾ ಹೋಗಬಹುದು.

ಚೇತನ್ ಮಲ್ನಾಡ್

ಪಾಠವಾರು ಮಾಡಿದರೆ ಒಂದೊಂದು ಸಾಲಿನಲ್ಲಿ ಹತ್ತು ಹನ್ನೆರಡು ಅಂಕ ಮಾತ್ರ ಇರುತ್ತದೆ ಸರ್. ನೀವೇ ಹೇಳಿದ ಅಲುಗಾಡುವ ಸಮಸ್ಯೆ ಅಲ್ಲಿಯೂ ಬರುತ್ತದೆ.

ಲೆಕ್ಕದ ಮೇಷ್ಟ್ರು

ಬರುತ್ತದೆ. ಅದಕ್ಕೇ ಮೂರು ನಾಲ್ಕು ಟೆಸ್ಟ್ ಸೇರಿ ಒಂದು ಪಾಠಕ್ಕೆ ಮೂವತ್ತು ನಲವತ್ತು ಅಂಕ ಆಗುವವರೆಗೆ ಆ ಸಾಲನ್ನು ನೋಡಿ ಏನೂ ತೀರ್ಮಾನಿಸಬೇಡಿ. ಖಾಲಿ ಪುಟದ ಮಾತು ಬೇರೆ, ಅದಕ್ಕೆ ಕಾಯುವುದು ಬೇಡ. ಪ್ರಮೇಯ ಇವತ್ತೇ ಶುರು ಮಾಡಿಸಿ.